ಅನುವಾದದ ನಡುವೆ ಮೂಲ ಬದಲಾದಾಗ: ಆವೃತ್ತಿ ನಿರ್ವಹಣೆ

ದೊಡ್ಡ ಕಡತವೊಂದರ ಅನುವಾದ ಅರ್ಧದಲ್ಲಿರುವಾಗ ಮೂಲ ಲೇಖಕರು ಅದನ್ನು ತಿದ್ದಿ ಹೊಸ ಆವೃತ್ತಿ ಹೊರತರುವುದುಂಟು. ಆಗ ಈವರೆಗೆ ಆದ ಅನುವಾದವನ್ನು ಕಳೆದುಕೊಳ್ಳದೆ, ತಿದ್ದಿದ ಭಾಗ ಒಂದನ್ನೂ ತಪ್ಪಿಸದೆ ಕೆಲಸವನ್ನು ಹೊಸ ಮೂಲಕ್ಕೆ ಹೊಂದಿಸುವ ಕ್ರಮಕ್ಕೆ ಅನುವಾದದ ಆವೃತ್ತಿ ನಿರ್ವಹಣೆ ಎನ್ನುತ್ತಾರೆ. ತಂತ್ರಾಂಶಗಳ ಕೈಪಿಡಿ, ಯಂತ್ರಗಳ ಬಳಕೆ ಸೂಚನೆ, ಕಾನೂನಿನ ಕರಡು, ಪಠ್ಯಪುಸ್ತಕ ಇಂಥವುಗಳ ಅನುವಾದದಲ್ಲಿ ಇದು ದಿನನಿತ್ಯದ ಕೆಲಸ. ಈ ಲೇಖನ ಮುಖ್ಯವಾಗಿ ಮುಕ್ತ ತಂತ್ರಾಂಶದ ಕೈಪಿಡಿಗಳಲ್ಲಿ ಬಳಕೆಯಲ್ಲಿರುವ ಕ್ರಮವನ್ನು ವಿವರಿಸುತ್ತದೆ. ಆ ಕೈಪಿಡಿಗಳ ಮೂಲ ಎಂದೂ ನಿಂತಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಈ ಸಮಸ್ಯೆಗೆ ಅತ್ಯಂತ ಸ್ಪಷ್ಟವಾದ ಪರಿಹಾರಗಳು ಹುಟ್ಟಿದ್ದೂ ಅಲ್ಲಿಯೇ.

ಮೂರು ಪಠ್ಯಗಳು

ಮೂಲ ಬದಲಾದ ದಿನ ಅನುವಾದಕರ ಮುಂದೆ ಮೂರು ಪಠ್ಯಗಳಿರುತ್ತವೆ: ಅನುವಾದ ಶುರು ಮಾಡಿದಾಗಿನ ಹಳೆಯ ಮೂಲ, ಈಗ ಬಂದ ಹೊಸ ಮೂಲ, ಅರ್ಧ ಆಗಿರುವ ಅನುವಾದ. ಹೊಸ ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಓದಿ ವ್ಯತ್ಯಾಸ ಹುಡುಕಲು ಕೂರುವವರು ಬಹಳ ಮಂದಿ. ಇದು ದಣಿಸುವ ಕೆಲಸ, ಸಾಲದ್ದಕ್ಕೆ ನಂಬಲು ಬಾರದ ಕೆಲಸ. ಎರಡು ಭಾಷೆಗಳ ನಡುವೆ ಪದಕ್ಕೆ ಪದ ಹೊಂದುವುದಿಲ್ಲವಾದ್ದರಿಂದ, ಸಣ್ಣ ತಿದ್ದುಪಡಿಯೊಂದು ಅನುವಾದಕರ ಸ್ವಾತಂತ್ರ್ಯದಂತೆ ಕಂಡು ಕಣ್ತಪ್ಪಿ ಹೋಗುತ್ತದೆ. ಹೋಲಿಸಬೇಕಾದದ್ದು ಹಳೆಯ ಮೂಲವನ್ನು ಹೊಸ ಮೂಲದೊಂದಿಗೆ. ಎರಡೂ ಒಂದೇ ಭಾಷೆಯಲ್ಲಿರುವುದರಿಂದ ಆ ಹೋಲಿಕೆಯನ್ನು ಕಂಪ್ಯೂಟರ್ ಒಂದಕ್ಷರ ಬಿಡದೆ ಮಾಡಿಕೊಡುತ್ತದೆ. ಸಿಕ್ಕ ವ್ಯತ್ಯಾಸಗಳ ಪಟ್ಟಿ ಹಿಡಿದು ಅನುವಾದಕ್ಕೆ ಬರುವುದು ಎರಡನೆಯ ಹೆಜ್ಜೆ.

ಇಷ್ಟಾಗಬೇಕಾದರೆ ಹಳೆಯ ಮೂಲ ಕೈಯಲ್ಲಿರಬೇಕು. ಹೊಸ ಫೈಲು ಬಂದೊಡನೆ ಅದೇ ಹೆಸರಿನ ಹಳೆಯ ಫೈಲಿನ ಮೇಲೆ ಉಳಿಸಿಬಿಡುವುದು ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ನಷ್ಟ. ಆಮೇಲೆ ಯಾವ ಸಾಧನವೂ ನೆರವಿಗೆ ಬಾರದು. ಅನುವಾದದ ಮೊದಲ ವಾಕ್ಯ ಬರೆಯುವ ಮುನ್ನವೇ ಮೂಲದ ಒಂದು ಪ್ರತಿಯನ್ನು ತಾರೀಕಿನ ಸಮೇತ ಬೇರೆಡೆ ಇಟ್ಟು, ಅದನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು. ಗಿಟ್ ಬಳಸುವವರು ಆ ಹಂತಕ್ಕೆ ಒಂದು ಗುರುತು ಹಾಕಿದರೆ ಸಾಕು. ಮುಂದೆ ಹೋಲಿಸುವಾಗ ಆ ಗುರುತಿನ ಹೆಸರನ್ನೇ ಕೊಡಬಹುದು:

```
git tag kn-base-1
git diff --word-diff kn-base-1 -- manual.adoc
```

ಇಲ್ಲಿ `--word-diff` ಸುಮ್ಮನೆ ಹಾಕಿದ್ದಲ್ಲ. ಸಾಮಾನ್ಯ ಹೋಲಿಕೆ ಸಾಲುಗಳನ್ನು ನೋಡುತ್ತದೆ. ಲೇಖಕರು ಒಂದು ಪದ ಸೇರಿಸಿ ಪ್ಯಾರಾದ ಸಾಲುಗಳನ್ನು ಮರುಹೊಂದಿಸಿದರೆ ಇಡೀ ಪ್ಯಾರಾ ಬದಲಾದಂತೆ ತೋರುತ್ತದೆ. ಪದ ಪದವಾಗಿ ಹೋಲಿಸಿದಾಗ ಮಾತ್ರ ನಿಜಕ್ಕೂ ಬದಲಾದ ಪದ ಎದ್ದು ಕಾಣುತ್ತದೆ.

ಕಡತಕ್ಕೊಂದು ಮುದ್ರೆ

ಅನುವಾದವಾದ ಪ್ರತಿಯೊಂದು ಕಡತದ ತಲೆಯಲ್ಲಿ ಅದು ಮೂಲದ ಯಾವ ಆವೃತ್ತಿಯಿಂದ ಬಂದದ್ದು ಎಂದು ಬರೆದಿಡುವುದು ಎಲ್ಲಕ್ಕಿಂತ ಸರಳ ಕ್ರಮ. ಡೆಬಿಯನ್ ಯೋಜನೆಯ ಜಾಲತಾಣದ ಅನುವಾದಿತ ಪುಟಗಳಲ್ಲಿ `translation-check` ಎಂಬ ಸಾಲು ಇರುತ್ತದೆ. ಆ ತಾಣದ ಪುಟಗಳನ್ನು ಸಿವಿಎಸ್‌ನಲ್ಲಿ ಇಡುತ್ತಿದ್ದ ಕಾಲದಲ್ಲಿ ಅದರಲ್ಲಿ ಇಂಗ್ಲಿಷ್ ಪುಟದ ಪರಿಷ್ಕರಣ ಸಂಖ್ಯೆ ಇರುತ್ತಿತ್ತು. ಗಿಟ್‌ಗೆ ಬಂದ ಮೇಲೆ ಅಲ್ಲಿ ಕಮಿಟ್ಟಿನ ಉದ್ದನೆಯ ಗುರುತು ಬಂತು. ಪಿಎಚ್‌ಪಿ ಭಾಷೆಯ ಕೈಪಿಡಿಯ ಅನುವಾದಗಳಲ್ಲಿ ಇದೇ ಕೆಲಸವನ್ನು `EN-Revision` ಎಂಬ ಟಿಪ್ಪಣಿ ಮಾಡುತ್ತದೆ. ಇಂಗ್ಲಿಷ್ ಕಡತದ ಇಂದಿನ ಗುರುತನ್ನು ಅನುವಾದದಲ್ಲಿರುವ ಗುರುತಿನೊಂದಿಗೆ ಹೋಲಿಸಿ, ಹಿಂದೆ ಬಿದ್ದ ಕಡತಗಳ ಪಟ್ಟಿಯನ್ನು ಒಂದು ಸಣ್ಣ ಸ್ಕ್ರಿಪ್ಟ್ ತಯಾರಿಸಿಕೊಡುತ್ತದೆ.

ಸಣ್ಣ ಸಣ್ಣ ಪುಟಗಳಿಗೆ ಇದು ಸೊಗಸಾಗಿ ಹೊಂದುತ್ತದೆ. ಉದ್ದನೆಯ ಒಂದೇ ಕಡತಕ್ಕೆ ಬಂದಾಗ ತೊಡಕು ಶುರುವಾಗುತ್ತದೆ. ಇನ್ನೂರು ಪುಟ ಮುಗಿಯುವಷ್ಟರಲ್ಲಿ ಮೂಲ ಬದಲಾಯಿತು ಎನ್ನಿ. ಅನುವಾದಕರು ಇನ್ನೂರ ಒಂದನೆಯ ಪುಟದಿಂದ ಹೊಸ ಮೂಲ ಹಿಡಿದು ಮುಂದುವರಿದರೆ, ಕಡತದ ಮೊದಲರ್ಧ ಒಂದು ಆವೃತ್ತಿಯದು, ಉಳಿದರ್ಧ ಇನ್ನೊಂದು ಆವೃತ್ತಿಯದು. ಮುದ್ರೆ ಮಾತ್ರ ಒಂದೇ. ಅಲ್ಲಿ ಯಾವ ಗುರುತು ಬರೆದರೂ ಅದು ಅರ್ಧ ಸುಳ್ಳು. ಹೊಸದರ ಗುರುತು ಬರೆದರಂತೂ ಮೊದಲರ್ಧದ ತಿದ್ದುಪಡಿಗಳನ್ನು ಆ ಸ್ಕ್ರಿಪ್ಟ್ ಮುಂದೆಂದೂ ತೋರಿಸುವುದಿಲ್ಲ. ಹೊಸ ತಿದ್ದುಪಡಿಗಳಲ್ಲಿ ಸುಲಭವಾದ ನಾಲ್ಕನ್ನು ಹಾಕಿ, ಕಷ್ಟದ ಒಂದನ್ನು ನಾಳೆಗೆಂದು ಬಿಟ್ಟು, ಮುದ್ರೆಯನ್ನು ಮುಂದಕ್ಕೆ ಸರಿಸಿದಾಗಲೂ ಆಗುವುದು ಇದೇ. ಬಿಟ್ಟದ್ದು ಕಾಯಂ ಆಗಿ ಬಿಟ್ಟುಹೋಗುತ್ತದೆ.

ಮುದ್ರೆಯ ಕ್ರಮವನ್ನೇ ನೆಚ್ಚಿಕೊಂಡವರಿಗೆ ಎರಡೇ ಪ್ರಾಮಾಣಿಕ ದಾರಿಗಳಿವೆ. ಒಂದು, ಹಳೆಯ ಮೂಲದಿಂದಲೇ ಕೊನೆಯವರೆಗೂ ಅನುವಾದ ಮುಗಿಸಿ, ಆಮೇಲೆ ಎಲ್ಲ ತಿದ್ದುಪಡಿಗಳನ್ನೂ ಒಟ್ಟಿಗೆ ಹಾಕಿ ಮುದ್ರೆ ಬದಲಿಸುವುದು. ಇನ್ನೊಂದು, ಮುಂದೆ ಹೋಗುವುದನ್ನು ನಿಲ್ಲಿಸಿ, ಆಗಿರುವ ಭಾಗವನ್ನು ಹೊಸ ಮೂಲಕ್ಕೆ ಸರಿಮಾಡಿಕೊಂಡು, ಮುದ್ರೆ ಬದಲಿಸಿ, ನಂತರ ಮುಂದುವರಿಯುವುದು. ತಿದ್ದುಪಡಿ ಚಿಕ್ಕದಾಗಿದ್ದರೆ ಮೊದಲನೆಯದು ಹಿತ. ಇನ್ನೂ ಅನುವಾದವಾಗದ ಅಧ್ಯಾಯಗಳನ್ನೇ ಲೇಖಕರು ಬಹುಪಾಲು ಹೊಸದಾಗಿ ಬರೆದಿದ್ದರೆ ಎರಡನೆಯದೇ ಬೇಕು. ಇಲ್ಲವಾದರೆ ರದ್ದಾಗಿ ಹೋದ ಪುಟಗಳಿಗಾಗಿ ವಾರಗಟ್ಟಲೆ ದುಡಿದಂತಾಗುತ್ತದೆ.

ಪ್ಯಾರಾಕ್ಕೊಂದು ನೆನಪು

ಈ ತೊಡಕು ಬಿಡಿಸುವ ದಾರಿ, ನೆನಪನ್ನು ಇಡೀ ಕಡತದಿಂದ ಬಿಡಿ ಬಿಡಿ ತುಣುಕಿಗೆ ಇಳಿಸುವುದು. 1995ರಲ್ಲಿ ಹೊರಬಂದ ಗ್ನೂ ಗೆಟ್‌ಟೆಕ್ಸ್ಟ್ ತಂತ್ರಾಂಶಗಳ ಮೆನು ಮತ್ತು ಸಂದೇಶಗಳ ಅನುವಾದಕ್ಕಾಗಿ ಬಂದದ್ದು. ಗ್ನೋಮ್, ಕೆಡಿಇ ಮೊದಲಾದವು ಕನ್ನಡಕ್ಕೆ ಬಂದದ್ದೂ ಇದರ ಪಿಒ ಫೈಲುಗಳ ಮೂಲಕವೇ. ಪಿಒ ಫೈಲಿನಲ್ಲಿ ಮೂಲದ ತುಣುಕು ಮತ್ತು ಅದರ ಅನುವಾದ ಒಂದರ ಕೆಳಗೊಂದು ಜೋಡಿಯಾಗಿ ಇರುತ್ತವೆ. ಅಂದರೆ ಪ್ರತಿ ಅನುವಾದವೂ ತಾನು ಯಾವ ಮೂಲವಾಕ್ಯದಿಂದ ಬಂದೆ ಎಂಬುದನ್ನು ಅಕ್ಷರಶಃ ತನ್ನ ಜೊತೆಯಲ್ಲೇ ಇಟ್ಟುಕೊಂಡಿರುತ್ತದೆ. ಆವೃತ್ತಿಯ ಸಂಖ್ಯೆ ಬೇಡವೇ ಬೇಡ. 2002ರಲ್ಲಿ ಶುರುವಾದ ಪಿಒ4ಎ ಎಂಬ ಸಾಧನ ಇದೇ ಕ್ರಮವನ್ನು ದೀರ್ಘ ದಾಖಲೆಗಳಿಗೆ ತಂದಿತು. ಅದು ಕೈಪಿಡಿಯನ್ನು ಪ್ಯಾರಾ, ಶೀರ್ಷಿಕೆ, ಪಟ್ಟಿಯ ಅಂಶ ಎಂದು ಬಿಡಿಸಿ ಪಿಒ ಫೈಲಿಗೆ ಹಾಕುತ್ತದೆ. ಅನುವಾದವಾದ ಮೇಲೆ ಅವನ್ನು ಮತ್ತೆ ಜೋಡಿಸಿ ಅದೇ ವಿನ್ಯಾಸದ ಕಡತ ಕಟ್ಟಿಕೊಡುತ್ತದೆ.

ಮೂಲ ಬದಲಾದಾಗ `msgmerge` ಎಂಬ ಆಜ್ಞೆ ಹಳೆಯ ಪಿಒ ಫೈಲನ್ನು ಹೊಸ ಮೂಲದೊಂದಿಗೆ ಕೂಡಿಸುತ್ತದೆ. ಅಕ್ಷರವೂ ಬದಲಾಗದ ತುಣುಕಿನ ಅನುವಾದವನ್ನು ಹಾಗೇ ಉಳಿಸಿಕೊಳ್ಳುತ್ತದೆ. ಸ್ವಲ್ಪ ಬದಲಾದ ತುಣುಕಿಗೆ ಹಳೆಯ ಅನುವಾದವನ್ನೇ ಕೊಟ್ಟು `fuzzy` ಎಂಬ ಎಚ್ಚರಿಕೆಯ ಗುರುತು ಹಾಕುತ್ತದೆ. ಅಳಿಸಿಹೋದ ತುಣುಕುಗಳ ಅನುವಾದವನ್ನು ಎಸೆಯದೆ, `#~` ಗುರುತು ಹಾಕಿ ಫೈಲಿನ ಕೊನೆಯಲ್ಲಿ ಇಡುತ್ತದೆ. ಈ ಕೊನೆಯದನ್ನು ಕಸವೆಂದು ತೆಗೆದುಹಾಕಲು ಅವಸರ ಮಾಡಬಾರದು. ಲೇಖಕರು ಈ ಆವೃತ್ತಿಯಲ್ಲಿ ತೆಗೆದ ಪ್ಯಾರಾವನ್ನು ಮುಂದಿನದರಲ್ಲಿ ಮರಳಿ ತಂದರೆ ಅನುವಾದವೂ ಅಲ್ಲಿಂದಲೇ ಮರಳಿ ಬರುತ್ತದೆ.

`msgmerge`ಗೆ `--previous` ಎಂಬ ಆಯ್ಕೆ ಕೊಟ್ಟರೆ ಹಳೆಯ ಮೂಲವಾಕ್ಯವನ್ನೂ ಹೊಸದರ ಮೇಲೆ ಬರೆದಿಡುತ್ತದೆ. ಪಿಒ4ಎಯಲ್ಲಿ ಇದು ತಾನಾಗಿಯೇ ಚಾಲ್ತಿಯಲ್ಲಿರುತ್ತದೆ. ಆಗ ಬದಲಾದ ತುಣುಕು ಹೀಗೆ ಕಾಣುತ್ತದೆ:

```
#: manual.adoc:412
#, fuzzy
#| msgid "Keep at least 5 GB free before the upgrade."
msgid "Keep at least 15 GB free before the upgrade."
msgstr "ಅಪ್‌ಗ್ರೇಡ್‌ಗೆ ಮುನ್ನ ಕನಿಷ್ಠ 5 ಜಿಬಿ ಜಾಗ ಖಾಲಿ ಇರಲಿ."
```

ಮೇಲೆ ಹೇಳಿದ ಮೂರು ಪಠ್ಯಗಳೂ ಇಲ್ಲಿ ಒಂದರ ಕೆಳಗೊಂದು ನಿಂತಿವೆ: `#|` ಸಾಲಿನಲ್ಲಿ ಹಳೆಯ ಮೂಲ, `msgid`ನಲ್ಲಿ ಹೊಸ ಮೂಲ, `msgstr`ನಲ್ಲಿ ಈಗಿರುವ ಅನುವಾದ. ಅನುವಾದಕರು ಮೊದಲೆರಡನ್ನು ಹೋಲಿಸಿ, ಮೂರನೆಯದನ್ನು ತಿದ್ದಿ, ಎಚ್ಚರಿಕೆಯ ಗುರುತನ್ನು ತೆಗೆಯುತ್ತಾರೆ. ಈ ವಿಷಯದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಇನ್ನೊಂದಿಲ್ಲ ಎಂದೇ ಹೇಳಬೇಕು.

ಒಂದು ಕೈಪಿಡಿಯ ಲೆಕ್ಕ

600 ತುಣುಕುಗಳ ಒಂದು ಕೈಪಿಡಿಯನ್ನು ಕಲ್ಪಿಸಿಕೊಳ್ಳೋಣ. 240 ತುಣುಕುಗಳ ಕನ್ನಡ ಅನುವಾದ ಮುಗಿದಿದೆ. ಅಷ್ಟರಲ್ಲಿ ಹೊಸ ಆವೃತ್ತಿ ಬಂತು. ಲೇಖಕರು 18 ಪ್ಯಾರಾ ತಿದ್ದಿದ್ದಾರೆ, 12 ಹೊಸದಾಗಿ ಸೇರಿಸಿದ್ದಾರೆ, 10 ತೆಗೆದಿದ್ದಾರೆ, ಜೊತೆಗೆ ಐದನೆಯ ಅಧ್ಯಾಯವನ್ನು ಮೂರನೆಯದಾಗಿ ಮುಂದಕ್ಕೆ ತಂದಿದ್ದಾರೆ.

ಕೂಡಿಸುವ ಮುನ್ನ ಅನುವಾದಕರು ಈವರೆಗಿನ ಪಿಒ ಫೈಲನ್ನು ಗಿಟ್‌ನಲ್ಲಿ ಕಮಿಟ್ ಮಾಡುತ್ತಾರೆ. ಆಮೇಲೆ ಹೊಸ ಮೂಲವನ್ನು ತಂದು ಪಿಒ4ಎ ಓಡಿಸಿ, ಲೆಕ್ಕ ಕೇಳುತ್ತಾರೆ:

```
po4a -k 0 po4a.cfg
msgfmt --statistics -o /dev/null po/kn.po
229 translated messages, 10 fuzzy translations, 363 untranslated messages.
```

ಈ ಮೂರು ಅಂಕಿಗಳು ಎಲ್ಲಿಂದ ಬಂದವು ಎಂದು ಕೂಡಿ ಕಳೆದು ನೋಡುವುದು ಒಳ್ಳೆಯ ಅಭ್ಯಾಸ. ಹೊಸ ಮೂಲದಲ್ಲಿ 600ಕ್ಕೆ 12 ಕೂಡಿ 10 ಕಳೆದು 602 ತುಣುಕುಗಳಿರಬೇಕು. ಮೇಲಿನ ಮೂರನ್ನೂ ಕೂಡಿದರೆ 602 ಬರುತ್ತದೆ, ಸರಿಯಾಗಿದೆ. ತಿದ್ದಿದ 18 ಪ್ಯಾರಾಗಳಲ್ಲಿ 7 ಮಾತ್ರ ಅನುವಾದವಾದ ಭಾಗದಲ್ಲಿದ್ದವು. ಅವು ಎಚ್ಚರಿಕೆಯ ಗುರುತು ಹೊತ್ತು ಬಂದವು. ಉಳಿದ 11 ಇನ್ನೂ ಮುಟ್ಟದ ಭಾಗದವು. ಅವುಗಳ ಹೊಸ ರೂಪವಷ್ಟೇ ಮುಂದೆ ಅನುವಾದಕರಿಗೆ ಸಿಗುತ್ತದೆ, ಹಳೆಯ ರೂಪ ಅವರ ಕಣ್ಣಿಗೂ ಬೀಳುವುದಿಲ್ಲ. ತೆಗೆದ 10ರಲ್ಲಿ 4ಕ್ಕೆ ಅನುವಾದವಿತ್ತು, ಅವು ಫೈಲಿನ ತಳಕ್ಕೆ ಹೋದವು. 240ರಲ್ಲಿ 7 ಮತ್ತು 4 ಕಳೆದರೆ 229. ಮುಂದಕ್ಕೆ ಬಂದ ಅಧ್ಯಾಯದ ಪಠ್ಯ ಬದಲಾಗಿಲ್ಲವಾದ್ದರಿಂದ ಅದರ ಅನುವಾದ ಹಾಗೇ ಉಳಿದು, ಹೊಸ ಜಾಗಕ್ಕೆ ತಾನಾಗಿಯೇ ಬಂದಿತು.

ಹಾಗಿದ್ದರೆ ಗುರುತು ಬಿದ್ದದ್ದು 7ಕ್ಕೆ ಬದಲು 10 ತುಣುಕುಗಳಿಗೆ ಏಕೆ? ಹೊಸದಾಗಿ ಸೇರಿದ 12 ಪ್ಯಾರಾಗಳಲ್ಲಿ 3 ಈಗಾಗಲೇ ಅನುವಾದವಾದ ಬೇರೆ ಪ್ಯಾರಾಗಳನ್ನು ಹೋಲುತ್ತಿದ್ದವು. ಅವುಗಳ ಅನುವಾದವನ್ನು `msgmerge` ಊಹೆಯ ಮೇಲೆ ತಂದು ಇಲ್ಲಿ ಇಟ್ಟಿತು. ಇವುಗಳಲ್ಲಿ `#|` ಸಾಲು ತೋರಿಸುವುದು ಹಳೆಯ ಆವೃತ್ತಿಯ ಇದೇ ಪ್ಯಾರಾವನ್ನಲ್ಲ, ಬೇರೊಂದು ಪ್ಯಾರಾವನ್ನು. ಹಾಗಾಗಿ ವ್ಯತ್ಯಾಸ ಕಂಡಲ್ಲಿ ಒಂದು ಪದ ತಿದ್ದಿ ಮುಂದೆ ಹೋಗುವಂತಿಲ್ಲ. ಇಡೀ ವಾಕ್ಯವನ್ನು ಹೊಸದಾಗಿ ಓದಬೇಕು. ಇಂಥ ಊಹೆ ಬೇಡವೆನ್ನುವವರಿಗೆ `--no-fuzzy-matching` ಆಯ್ಕೆ ಇದೆ. ಆದರೆ ಅದನ್ನು ಹಾಕಿದರೆ ತಿದ್ದಿದ 7 ಪ್ಯಾರಾಗಳ ಹಳೆಯ ಅನುವಾದವೂ ಕೈಗೆ ಬಾರದೆ ತಳಕ್ಕೆ ಹೋಗುತ್ತದೆ. ಮೂರು ಊಹೆಗಳನ್ನು ಸಹಿಸಿಕೊಳ್ಳುವುದೇ ಲೇಸು.

ಮೇಲಿನ ಆಜ್ಞೆಯಲ್ಲಿ `-k 0` ಇರುವುದಕ್ಕೂ ಕಾರಣವಿದೆ. ಶೇಕಡಾ 80ಕ್ಕಿಂತ ಕಡಿಮೆ ಅನುವಾದವಾಗಿದ್ದರೆ ಪಿಒ4ಎ ಅನುವಾದಿತ ಕಡತವನ್ನು ಹೊರಡಿಸುವುದೇ ಇಲ್ಲ. ಅರ್ಧದಾರಿಯಲ್ಲಿರುವವರು ಇದು ತಿಳಿಯದೆ, ಕೂಡಿಸುವಾಗ ಏನೋ ಕೆಟ್ಟಿತು ಎಂದು ಗಾಬರಿಯಾಗುವುದುಂಟು.

ಈಗ ಗುರುತು ಬಿದ್ದ ಹತ್ತನ್ನು ಮಾತ್ರ ಹೊರಗೆ ತೆಗೆದು ನೋಡಬೇಕು. ಹೊಸ ಅನುವಾದ ಮುಂದುವರಿಸುವ ಮುನ್ನವೇ ಅವನ್ನು ಮುಗಿಸಬೇಕು. ಅವನ್ನು ಕೊನೆಗೆಂದು ಬಿಟ್ಟುಕೊಂಡರೆ ಮುಂದಿನ ಬದಲಾವಣೆ ಬಂದಾಗ ಒಂದೇ ತುಣುಕಿನ ಮೇಲೆ ಎರಡು ಸುತ್ತಿನ ತಿದ್ದುಪಡಿ ಕೂರುತ್ತದೆ, ಕೆಲಸ ತೊಡಕಾಗುತ್ತದೆ.

```
msgattrib --only-fuzzy --no-obsolete po/kn.po
```

ಎಚ್ಚರಿಕೆಯ ಗುರುತೇ ಬೀಳದ ತಪ್ಪುಗಳು

ಬದಲಾವಣೆಯ ಗಾತ್ರಕ್ಕೂ ಅದರ ತೂಕಕ್ಕೂ ಸಂಬಂಧವಿಲ್ಲ. 5 ಜಿಬಿ 15 ಆದದ್ದು ಒಂದೇ ಅಂಕಿಯ ಬದಲಾವಣೆ. ವಾಕ್ಯದ ನಡುವೆ ಒಂದು ನಿಷೇಧದ ಪದ ಸೇರಿದರೆ ಮಾಡಬೇಕಾದದ್ದು ಮಾಡಬಾರದ್ದಾಗುತ್ತದೆ. ಅದೇ ಲೇಖಕರು ಇಡೀ ಪ್ಯಾರಾವನ್ನು ನಯಗೊಳಿಸಿ ಬರೆದಾಗ ಹತ್ತಿಪ್ಪತ್ತು ಪದಗಳು ಬದಲಾದರೂ ಕನ್ನಡದಲ್ಲಿ ಮುಟ್ಟಬೇಕಾದದ್ದು ಏನೂ ಇರದಿರಬಹುದು. ಸಾಧನಗಳು ಹೋಲಿಕೆಯ ಶೇಕಡಾವಾರು ಲೆಕ್ಕ ಕೊಡುತ್ತವೆ. 98 ಎಂದು ಕಂಡೊಡನೆ ಸಣ್ಣದು ಬಿಡು ಎನ್ನಿಸುತ್ತದೆ. ಅಂಕಿಯೂ ನಿಷೇಧವೂ ಬದಲಾದ ವಾಕ್ಯಗಳು ಇರುವುದು ಹೆಚ್ಚಾಗಿ ಆ 98ರ ಸಾಲಿನಲ್ಲಿಯೇ. ಹಾಗಾಗಿ ಕಡಿಮೆ ಬದಲಾದವನ್ನು ಮೊದಲು, ಮನಸ್ಸು ತಾಜಾ ಇರುವಾಗ ನೋಡುವುದು ಒಳ್ಳೆಯದು.

ಇದಕ್ಕಿಂತ ಆಳದ ತೊಂದರೆ, ಬದಲಾಗದ ತುಣುಕುಗಳದು. ಪಿಒ ಕ್ರಮಕ್ಕೆ ತುಣುಕು ಗೊತ್ತು, ಅದರ ಅಕ್ಕಪಕ್ಕ ಗೊತ್ತಿಲ್ಲ. ಒಂದು ಪ್ಯಾರಾದಲ್ಲಿ ಬ್ಯಾಕಪ್ ತೆಗೆಯುವುದನ್ನು ವಿವರಿಸಿ, ಮುಂದಿನದು ಕನ್ನಡದಲ್ಲಿ "ಅದನ್ನು ಬೇರೆ ಡಿಸ್ಕಿನಲ್ಲಿ ಇಡಿ" ಎಂದು ಶುರುವಾಗುತ್ತದೆ ಎನ್ನೋಣ. ಲೇಖಕರು ಇವೆರಡರ ನಡುವೆ ಲಾಗ್ ಫೈಲಿನ ಬಗ್ಗೆ ಒಂದು ಪ್ಯಾರಾ ಸೇರಿಸಿದರು. ಇಂಗ್ಲಿಷಿನ ಎರಡನೆಯ ಪ್ಯಾರಾದಲ್ಲಿ ಮೊದಲಿನಿಂದಲೂ "ಬ್ಯಾಕಪ್ ಪ್ರತಿ" ಎಂದೇ ಇದ್ದುದರಿಂದ ಮೂಲಕ್ಕೆ ಏನೂ ಆಗಲಿಲ್ಲ. ಕನ್ನಡದಲ್ಲಿ ಅನುವಾದಕರು ಸಹಜತೆಗಾಗಿ "ಅದನ್ನು" ಎಂದಿದ್ದರು. ಮೂಲದ ಆ ಪ್ಯಾರಾ ಬದಲಾಗದ ಕಾರಣ ಅದಕ್ಕೆ ಎಚ್ಚರಿಕೆಯ ಗುರುತು ಬೀಳುವುದಿಲ್ಲ. ಈಗ ಕನ್ನಡದ ಓದುಗರು ಬೇರೆ ಡಿಸ್ಕಿಗೆ ಒಯ್ಯುವುದು ಲಾಗ್ ಫೈಲನ್ನು.

ಕನ್ನಡದ ಬರಹ ಹೆಸರನ್ನು ಪದೇ ಪದೇ ಹೇಳದೆ ಸರ್ವನಾಮದಿಂದ ಸಾಗುವುದನ್ನು ಇಷ್ಟಪಡುತ್ತದೆ. ಆ ಒಳ್ಳೆಯ ಗುಣವೇ ಇಲ್ಲಿ ತೊಡಕಾಗುತ್ತದೆ. ಮೂಲ ಸ್ಥಿರವಾಗಿರದ ಕಡತದಲ್ಲಿ ಪ್ರತಿ ಪ್ಯಾರಾದ ಮೊದಲ ವಾಕ್ಯದಲ್ಲಿ ಹೆಸರನ್ನೇ ಹೇಳುವುದು, ಪ್ಯಾರಾದ ಒಳಗೆ ಮಾತ್ರ ಸರ್ವನಾಮ ಬಳಸುವುದು ಒಂದು ಕಾಪು. ಹಾಗೆಯೇ ಜಾಗ ಬದಲಿಸಿದ ಅಧ್ಯಾಯದಲ್ಲಿ "ಮೇಲೆ ಹೇಳಿದಂತೆ", "ಮುಂದಿನ ಅಧ್ಯಾಯದಲ್ಲಿ" ಎಂಬ ಮಾತುಗಳನ್ನು ಹುಡುಕಿ ನೋಡಲೇಬೇಕು. ಮೂಲ ಲೇಖಕರೂ ಅವನ್ನು ಮರೆತಿರುವುದುಂಟು. ಆಗ ಅನುವಾದಕರು ಕನ್ನಡದಲ್ಲಿ ಸರಿಪಡಿಸಿ ಸುಮ್ಮನಾಗದೆ ಲೇಖಕರಿಗೂ ತಿಳಿಸಬೇಕು. ಇಲ್ಲದಿದ್ದರೆ ಮುಂದೊಂದು ದಿನ ಅವರು ಅದನ್ನು ತಿದ್ದಿದಾಗ ಈ ತುಣುಕು ಮತ್ತೆ ಗುರುತು ಹೊತ್ತು ಬರುತ್ತದೆ.

ತುಣುಕಿನ ಗಾತ್ರವೂ ಇಲ್ಲಿ ಮುಖ್ಯ. ಹದಿನೈದು ವಾಕ್ಯಗಳ ಪ್ಯಾರಾದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಪ್ಯಾರಾಕ್ಕೆ ಗುರುತು ಬೀಳುತ್ತದೆ. ವಾಕ್ಯಕ್ಕೊಂದು ತುಣುಕು ಮಾಡಿದರೆ ಗುರುತು ನಿಖರವಾಗುತ್ತದೆ, ಆದರೆ ಎರಡು ಇಂಗ್ಲಿಷ್ ವಾಕ್ಯಗಳನ್ನು ಕೂಡಿಸಿ ಒಂದು ಕನ್ನಡ ವಾಕ್ಯ ಮಾಡುವ ಅಥವಾ ಕ್ರಮ ಹಿಂದುಮುಂದು ಮಾಡುವ ಅವಕಾಶ ಹೋಗುತ್ತದೆ. ಕೈಪಿಡಿಗೆ ಪ್ಯಾರಾವೇ ತಕ್ಕ ಅಳತೆ. ಮೂಲ ಲೇಖಕರನ್ನು ಮಾತಾಡಿಸುವಂತಿದ್ದರೆ ಉದ್ದ ಪ್ಯಾರಾಗಳನ್ನು ಒಡೆಯಿರಿ ಎಂದು ಅವರನ್ನೇ ಕೇಳಬಹುದು. ಹಾಗೆ ಒಡೆಯುವುದೂ ಒಂದು ಬದಲಾವಣೆಯೇ ಆದ್ದರಿಂದ ಅದು ಅನುವಾದ ಶುರುವಾಗುವ ಮುನ್ನ ಆಗಬೇಕು.

ಅರ್ಥ ಬದಲಾಗದ ತಿದ್ದುಪಡಿ

ಕಾಗುಣಿತದ ತಪ್ಪು ತಿದ್ದಿದ್ದು, ಬಿಟ್ಟುಹೋದ ಪೂರ್ಣವಿರಾಮ ಹಾಕಿದ್ದು ಅನುವಾದಕ್ಕೆ ಏನೂ ಅಲ್ಲ. ಆದರೆ ಮೂಲದ ಅಕ್ಷರ ಬದಲಾಯಿತಾದ್ದರಿಂದ ಹತ್ತಾರು ಭಾಷೆಗಳ ಅನುವಾದಕರ ಮುಂದೆ ಗುರುತು ಬೀಳುತ್ತದೆ. ಇದನ್ನು ತಪ್ಪಿಸಲೆಂದೇ ಪಿಒ4ಎ ಜೊತೆಗೆ `msguntypot` ಎಂಬ ಸಣ್ಣ ಸಾಧನ ಬಂತು. ಕಾಗುಣಿತ ತಿದ್ದುವ ಮುಂಚಿನ ಮತ್ತು ತಿದ್ದಿದ ನಂತರದ ಎರಡು ಪಿಒಟಿ ಫೈಲುಗಳನ್ನು ಕೊಟ್ಟರೆ ಅದು ಅನುವಾದಗಳಲ್ಲಿರುವ ಮೂಲವಾಕ್ಯವನ್ನು ಗುರುತು ಬೀಳದಂತೆ ಬದಲಿಸುತ್ತದೆ. ಆ ಎರಡರ ನಡುವೆ ಕಾಗುಣಿತದ ತಿದ್ದುಪಡಿ ಬಿಟ್ಟು ಬೇರೇನೂ ಇರಬಾರದು.

ಇದರಿಂದ ಹೊರಡುವ ನಿಯಮ ಮೂಲ ಲೇಖಕರಿಗೆ ಸಂಬಂಧಿಸಿದ್ದು: ಅರ್ಥ ಬದಲಿಸದ ತಿದ್ದುಪಡಿಗಳನ್ನೂ ಅರ್ಥ ಬದಲಿಸುವ ತಿದ್ದುಪಡಿಗಳನ್ನೂ ಒಂದೇ ಕಮಿಟ್ಟಿನಲ್ಲಿ ಬೆರೆಸಬಾರದು. ಉತ್ಪನ್ನದ ಹೆಸರೋ ಒಂದು ಮುಖ್ಯ ಪದವೋ ಇಡೀ ಕೈಪಿಡಿಯಲ್ಲಿ ಬದಲಾದಾಗ ಇದರ ಬೆಲೆ ತಿಳಿಯುತ್ತದೆ. ಅರವತ್ತು ಪ್ಯಾರಾಗಳಲ್ಲಿ ಹೆಸರು ಬದಲಾಗಿ, ಅವುಗಳಲ್ಲಿ ಐದರಲ್ಲಿ ಮಾತ್ರ ವಿಷಯವೂ ಬದಲಾಗಿದ್ದರೆ, ಹೆಸರು ಬದಲಿಸುತ್ತಾ ಹೋಗುವ ಕೈ ಆ ಐದನ್ನೂ ಅದೇ ವೇಗದಲ್ಲಿ ದಾಟಿಬಿಡುತ್ತದೆ. ಹೆಸರು ಬದಲಾದ ಕಮಿಟ್ಟಿಗೆ ಒಮ್ಮೆ, ವಿಷಯ ಬದಲಾದ ಕಮಿಟ್ಟಿಗೆ ಒಮ್ಮೆ ಬೇರೆ ಬೇರೆಯಾಗಿ ಕೂಡಿಸಿದರೆ ಆ ಐದು ತಾವಾಗಿಯೇ ಎದ್ದು ನಿಲ್ಲುತ್ತವೆ.

ವಿಕಿಮೀಡಿಯ ಯೋಜನೆಗಳಲ್ಲಿ ಬಳಸುವ ಮೀಡಿಯವಿಕಿಯ ಅನುವಾದ ವಿಸ್ತರಣೆ, ಅರ್ಥ ಬದಲಾಯಿತೇ ಇಲ್ಲವೇ ಎಂಬ ನಿರ್ಧಾರವನ್ನು ಮನುಷ್ಯರ ಕೈಗೆ ಕೊಟ್ಟಿದೆ. ಕನ್ನಡ ವಿಕಿಪೀಡಿಯದ ಕಾರ್ಯಕರ್ತರು ಮೆಟಾ ತಾಣದ ದೀರ್ಘ ಪುಟಗಳನ್ನು ಅನುವಾದಿಸುವುದು ಇದರಲ್ಲಿಯೇ. ಅಲ್ಲಿ ಪುಟದ ಪ್ರತಿ ತುಣುಕಿಗೂ `<!--T:5-->` ರೀತಿಯ ಸಂಖ್ಯೆ ಇರುತ್ತದೆ. ಮೂಲ ಪುಟ ಬದಲಾದ ಮೇಲೆ ಅನುವಾದ ನಿರ್ವಾಹಕರೊಬ್ಬರು ಹೊಸ ಆವೃತ್ತಿಯನ್ನು ಅನುವಾದಕ್ಕೆ ಸಿದ್ಧವೆಂದು ಗುರುತಿಸುತ್ತಾರೆ. ಆಗ ಬದಲಾದ ಪ್ರತಿ ತುಣುಕಿನ ಎದುರು, ಹಳೆಯ ಅನುವಾದವನ್ನು ಊರ್ಜಿತವಾಗಿಯೇ ಇಡಬೇಕೆ ಎಂದು ಆರಿಸಬಹುದು. ಆ ಸಂಖ್ಯೆಗಳನ್ನು ಅಳಿಸುವುದು, ಇಲ್ಲವೇ ಹೊಸ ಪ್ಯಾರಾಕ್ಕೆ ಹಳೆಯ ಸಂಖ್ಯೆಯನ್ನು ನಕಲು ಮಾಡುವುದು ಅಲ್ಲಿ ಆಗಾಗ ಆಗುವ ತಪ್ಪು. ಸಂಖ್ಯೆ ಅಳಿದರೆ ತುಣುಕು ಹೊಸದೆನಿಸಿಕೊಂಡು ಎಲ್ಲ ಭಾಷೆಗಳ ಅನುವಾದವೂ ಅದರಿಂದ ಕಳಚಿಕೊಳ್ಳುತ್ತದೆ.

ವರ್ಡ್ ಕಡತವಾಗಿ ಬಂದಾಗ

ಪ್ರಕಾಶಕರಿಂದ, ಕಚೇರಿಗಳಿಂದ ಬರುವ ಮೂಲ ಹೆಚ್ಚಾಗಿ ವರ್ಡ್ ಫೈಲು. ಎಲ್ಲಿ ಏನು ತಿದ್ದಿದೆ ಎಂದು ಕಳಿಸಿದವರಿಗೂ ನೆನಪಿರುವುದಿಲ್ಲ. ಹಳೆಯ ಮೂಲ ಕೈಯಲ್ಲಿದ್ದರೆ ವರ್ಡ್‌ನ ಹೋಲಿಕೆ ಸೌಲಭ್ಯಕ್ಕೋ ಲಿಬ್ರೆ ಆಫೀಸಿನ ಹೋಲಿಕೆ ಸೌಲಭ್ಯಕ್ಕೋ ಎರಡನ್ನೂ ಕೊಟ್ಟು, ತಿದ್ದುಪಡಿಗಳೆಲ್ಲ ಬಣ್ಣದಲ್ಲಿ ಕಾಣುವ ಮೂರನೆಯ ಪ್ರತಿ ತೆಗೆಯಬಹುದು. ಕಳಿಸಿದವರೇ ಟ್ರ್ಯಾಕ್ ಚೇಂಜಸ್ ಹಾಕಿ ಕಳಿಸಿದ್ದರೂ ಈ ಹೋಲಿಕೆಯನ್ನು ಬಿಡಬಾರದು. ಟ್ರ್ಯಾಕ್ ಚೇಂಜಸ್ ನಿಲ್ಲಿಸಿದ್ದ ಹೊತ್ತಿನಲ್ಲಿ ಆದ ತಿದ್ದುಪಡಿಗಳು ಅದರಲ್ಲಿ ಕಾಣುವುದಿಲ್ಲ.

ಒಮೆಗಾಟಿಯಂಥ ಅನುವಾದ ಸಾಧನದಲ್ಲಿ ಕೆಲಸ ಮಾಡುತ್ತಿದ್ದವರಿಗೆ ಹಾದಿ ಇನ್ನೂ ಸಲೀಸು. ಅದು ಅನುವಾದವನ್ನು ವರ್ಡ್ ಫೈಲಿನಲ್ಲಿ ಇಡದೆ `project_save.tmx` ಎಂಬ ಬೇರೆ ಫೈಲಿನಲ್ಲಿ, ಮೂಲವಾಕ್ಯದೊಂದಿಗೆ ಜೋಡಿಮಾಡಿ ಇಡುತ್ತದೆ. ಯೋಜನೆಯ `source` ಫೋಲ್ಡರಿನಲ್ಲಿ ಹಳೆಯ ಫೈಲಿನ ಜಾಗಕ್ಕೆ ಹೊಸದನ್ನು ಇಟ್ಟು ಯೋಜನೆಯನ್ನು ಮರುತೆರೆದರೆ, ಬದಲಾಗದ ವಾಕ್ಯಗಳೆಲ್ಲ ಅನುವಾದ ಸಮೇತ ಬರುತ್ತವೆ. ಬದಲಾದವು ಖಾಲಿ ಬರುತ್ತವೆ, ಪಕ್ಕದಲ್ಲಿ ಹಳೆಯ ವಾಕ್ಯವೂ ಅದರ ಅನುವಾದವೂ ಸಮೀಪದ ಹೋಲಿಕೆಯಾಗಿ ಕಾಣುತ್ತವೆ. ಇಲ್ಲಿ ತುಣುಕು ಎಂದರೆ ಸಾಮಾನ್ಯವಾಗಿ ವಾಕ್ಯ, ಹಾಗಾಗಿ ಸರ್ವನಾಮದ ತೊಂದರೆ ಇಲ್ಲಿ ಇನ್ನೂ ಹೆಚ್ಚು. ಹೊಸ ವಾಕ್ಯ ಬಂದು ಸೇರಿದ ಕಡೆಯೆಲ್ಲ ಹಿಂದಿನದೊಂದನ್ನೂ ಮುಂದಿನದೊಂದನ್ನೂ ಓದಿ ದಾಟುವುದು ಕನಿಷ್ಠ ಎಚ್ಚರ.

ಯಾವಾಗ ಕೂಡಿಸಬೇಕು, ಯಾರು ಕೂಡಿಸಬೇಕು

ಮೂಲ ದಿನಾ ಬದಲಾಗುತ್ತಿದ್ದರೆ ದಿನಾ ಕೂಡಿಸುತ್ತಾ ಕೂರಲಾಗದು. ಗ್ನೋಮ್ ಯೋಜನೆ ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿ ಹೊರತರುತ್ತದೆ. ಪ್ರತಿ ಬಿಡುಗಡೆಗೂ ಕೆಲವು ವಾರ ಮೊದಲು ಅಲ್ಲಿ ಪಠ್ಯ ಸ್ತಂಭನ ಜಾರಿಗೆ ಬರುತ್ತದೆ. ಆಮೇಲೆ ಅನುವಾದ ತಂಡಗಳ ಒಪ್ಪಿಗೆಯಿಲ್ಲದೆ ಯಾರೂ ಮೂಲದ ಸಂದೇಶಗಳನ್ನು ಬದಲಿಸುವಂತಿಲ್ಲ. ಇಂಥ ಕಟ್ಟುಪಾಡು ಇಲ್ಲದ ಕೆಲಸದಲ್ಲಿ ಅನುವಾದಕರೇ ಅದನ್ನು ಕೇಳಿ ಪಡೆಯಬೇಕು. ಅಧ್ಯಾಯ ಮುಗಿದಾಗ ಮಾತ್ರ ಹೊಸ ಮೂಲ ತೆಗೆದುಕೊಳ್ಳುತ್ತೇವೆ, ಕೊನೆಯ ಓದು ಶುರುವಾದ ಮೇಲೆ ಅಂಕಿ ಅಂಶದ ತಪ್ಪು ಬಿಟ್ಟು ಬೇರೆ ತಿದ್ದುಪಡಿ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಬರಹದಲ್ಲಿ ಮಾಡಿಕೊಂಡ ಒಪ್ಪಂದ ಇಬ್ಬರಿಗೂ ನೆಮ್ಮದಿ.

ಕೈಪಿಡಿಯನ್ನು ಹಲವರು ಹಂಚಿಕೊಂಡಿದ್ದರೆ ಕೂಡಿಸುವ ಕೆಲಸ ಒಬ್ಬರದೇ ಆಗಿರಬೇಕು. ಎಲ್ಲರೂ ತಮ್ಮ ಕೆಲಸವನ್ನು ಒಪ್ಪಿಸಿದ ಮೇಲೆ ಅವರು ಹೊಸ ಮೂಲವನ್ನು ಕೂಡಿಸಿ, ಹೊಸ ಪಿಒ ಫೈಲನ್ನು ಎಲ್ಲರಿಗೂ ಕೊಡುತ್ತಾರೆ. ಇಬ್ಬರು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿ ಕೂಡಿಸಿದರೆ, ಅನುವಾದ ಒಂದೇ ಆಗಿದ್ದರೂ `#: manual.adoc:412` ಥರದ ಸಾಲುಸಂಖ್ಯೆಗಳು ನೂರಾರು ಕಡೆ ಬೇರೆಯಾಗಿ ಗಿಟ್‌ನಲ್ಲಿ ಗೋಜಲು ಏಳುತ್ತದೆ. `msgmerge`ನ `--add-location=file` ಆಯ್ಕೆ ಸಂಖ್ಯೆಯನ್ನು ಕೈಬಿಟ್ಟು ಫೈಲಿನ ಹೆಸರನ್ನಷ್ಟೇ ಉಳಿಸುವುದರಿಂದ ಈ ಗೋಜಲು ಬಹುಪಾಲು ತಪ್ಪುತ್ತದೆ.

ಹಿಂದೆ ಬಿದ್ದ ಅನುವಾದವನ್ನು ಓದುಗರಿಗೆ ತೋರಿಸುವ ಬಗೆ

ತಿದ್ದುಪಡಿ ಮುಗಿಯುವ ಮುನ್ನವೇ ಅನುವಾದವನ್ನು ಪ್ರಕಟಿಸಬೇಕಾಗಿ ಬಂದರೆ ಎಚ್ಚರಿಕೆಯ ಗುರುತು ಬಿದ್ದ ತುಣುಕಿನ ಜಾಗದಲ್ಲಿ ಏನಿರಬೇಕು ಎಂಬ ಪ್ರಶ್ನೆ ಏಳುತ್ತದೆ. ಪಿಒ4ಎ ಆ ಜಾಗದಲ್ಲಿ ಮೂಲಭಾಷೆಯ ಹೊಸ ಪ್ಯಾರಾವನ್ನೇ ಇಡುತ್ತದೆ. ಓದುಗರಿಗೆ ಕನ್ನಡದ ನಡುವೆ ಇಂಗ್ಲಿಷ್ ಎದುರಾಗುತ್ತದೆ, ಆದರೆ ತಪ್ಪು ಮಾಹಿತಿ ಸಿಗುವುದಿಲ್ಲ. ಮೀಡಿಯವಿಕಿ ಹಳೆಯ ಅನುವಾದವನ್ನೇ ಉಳಿಸಿ, ಅದರ ಹಿಂದೆ ನಸುಗುಲಾಬಿ ಬಣ್ಣ ಹಾಕುತ್ತದೆ. ಡೆಬಿಯನ್ ಪುಟಗಳಲ್ಲಿ ಅನುವಾದ ತೀರ ಹಿಂದೆ ಬಿದ್ದಿದ್ದರೆ ಮೂಲ ಹೊಸದಾಗಿದೆ ಎಂಬ ಸೂಚನೆ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ.

ಯಾವುದು ಸರಿ ಎನ್ನುವುದು ಬರಹ ಎಂಥದ್ದು ಎಂಬುದರ ಮೇಲೆ ನಿಂತಿದೆ. ಔಷಧದ ಪ್ರಮಾಣ, ವಿದ್ಯುತ್ ಜೋಡಣೆ, ದತ್ತಾಂಶ ಅಳಿಸುವ ಆಜ್ಞೆ ಇರುವ ಕಡೆ ಪಿಒ4ಎ ದಾರಿಯೇ ತಕ್ಕದ್ದು. ಅಲ್ಲಿ ಹಳೆಯ ಅನುವಾದ ಒಂದು ದಿನವೂ ಉಳಿಯಬಾರದು. ಯೋಜನೆಯ ಪರಿಚಯ, ಇತಿಹಾಸ, ಹಿನ್ನೆಲೆ ಹೇಳುವ ಪುಟಗಳಲ್ಲಿ ಬಣ್ಣ ಹಾಕಿದ ಹಳೆಯ ಅನುವಾದವೇ ಇಂಗ್ಲಿಷ್ ಪ್ಯಾರಾಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮುದ್ರಿತ ಪುಸ್ತಕಕ್ಕೆ ಈ ಎರಡೂ ಸೌಲಭ್ಯಗಳಿಲ್ಲ. ಅದರ ಮೊದಲ ಪುಟಗಳಲ್ಲಿ ಮೂಲದ ಯಾವ ಆವೃತ್ತಿ, ಯಾವ ತಾರೀಕಿನದು ಎಂದು ಮುದ್ರಿಸಿ, ಆ ತಾರೀಕಿನ ನಂತರ ಮೂಲದಲ್ಲಿ ಬದಲಾದ ಅಂಕಿ ಅಂಶಗಳಿದ್ದರೆ ಅವನ್ನು ಒಪ್ಪೋಲೆಯೊಂದಿಗೆ ಸೇರಿಸಿ ಕೊಡುವುದು ಉಳಿದ ದಾರಿ.